ಸಂಖ್ಯೆಗೆ ಲೆಕ್ಕ ಕೇಳುವವರಾರು?

ಒಬ್ಬ ಮನುಷ್ಯನ ಹೆಸರನ್ನು ತೆಗೆದು ಅದರ ಜಾಗದಲ್ಲಿ ಒಂದು ಸಂಖ್ಯೆಯನ್ನಿಟ್ಟರೆ ಅವನ ಹೊಣೆಗಾರಿಕೆಯೂ ಕಳಚಿ ಬೀಳುತ್ತದೆಯೇ? ಗೂಢಚಾರರ ಕತೆಗಳು ಈ ಪ್ರಶ್ನೆಗೆ ಬಹಳ ಹಿಂದೆಯೇ ಹೌದು ಎಂದು ಉತ್ತರ ಕೊಟ್ಟುಬಿಟ್ಟಿವೆ. ಇಯಾನ್ ಫ್ಲೆಮಿಂಗ್ ಸೃಷ್ಟಿಸಿದ ಜೇಮ್ಸ್ ಬಾಂಡ್‌ನ 007 ಎಂಬ ಸಂಕೇತದಲ್ಲಿ ಮೊದಲ ಎರಡು ಸೊನ್ನೆಗಳ ಅರ್ಥ ಕೊಲ್ಲುವ ಪರವಾನಗಿ. 1962ರಲ್ಲಿ ಬಾಂಡ್ ಚಿತ್ರಗಳ ಸರಣಿ ಶುರುವಾಯಿತು. ಆರು ವರ್ಷಗಳಲ್ಲಿ ಅದರ ನೆರಳು ಕನ್ನಡಕ್ಕೂ ಬಂತು.

1968ರ 'ಜೇಡರ ಬಲೆ'ಯಲ್ಲಿ ಡಾ. ರಾಜ್‌ಕುಮಾರ್ ಸಿ.ಐ.ಡಿ. 999 ಪ್ರಕಾಶ್ ಆದರು. ದೊರೈ-ಭಗವಾನ್ ನಿರ್ದೇಶನದಲ್ಲಿ ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯಂಥ ಊರಿನ ಹಿರಿಯರಿಗೂ 999 ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ಸ್ವಾರಸ್ಯವಿದೆ. ಬಾಂಡ್ ವಿದೇಶಿ ಬೇಹುಗಾರಿಕೆಯ ಇಲಾಖೆಯವನು. ಭಾರತದಲ್ಲಿ ಅಂಥ ಪ್ರತ್ಯೇಕ ಸಂಸ್ಥೆ, ಅಂದರೆ 'ರಾ', ಹುಟ್ಟಿದ್ದೇ 1968ರ ಸೆಪ್ಟೆಂಬರ್‌ನಲ್ಲಿ. ನಮ್ಮ ನಾಯಕನಿಗೆ ಸಿಕ್ಕಿದ್ದು ಸಿ.ಐ.ಡಿ. ಎಂಬ ಹೆಸರು. ಸಿ.ಐ.ಡಿ. ಎಂದರೆ ಅಪರಾಧ ತನಿಖಾ ಇಲಾಖೆ. ಅದು ಪೊಲೀಸರ ಒಂದು ವಿಭಾಗ. ಸಾಕ್ಷ್ಯ ಕಲೆಹಾಕಿ ನ್ಯಾಯಾಲಯದ ಮುಂದಿಡುವುದು ಅದರ ಕೆಲಸ. ಲೆಕ್ಕ ಒಪ್ಪಿಸಬೇಕಾದ ಇಲಾಖೆಯ ಹೆಸರು, ಲೆಕ್ಕ ಒಪ್ಪಿಸದವನ ಮಾದರಿಯ ಸಂಖ್ಯೆ, ಇವೆರಡೂ ಹೀಗೆ ಒಂದಾದವು.

ಈ ಬಗೆಯ ಚಿತ್ರಗಳ ಒಂದು ಮಾಮೂಲಿ ದೃಶ್ಯವನ್ನು ತೆಗೆದುಕೊಳ್ಳೋಣ. ನಾಯಕ ಖಳನ ಅಡಗುದಾಣಕ್ಕೆ ನುಗ್ಗುತ್ತಾನೆ. ಮೂವರು ಕಾವಲುಗಾರರು ಗುಂಡಿಗೆ ಬೀಳುತ್ತಾರೆ. ಕ್ಯಾಮೆರಾ ಅವರ ಮೇಲೆ ನಿಲ್ಲುವುದೂ ಇಲ್ಲ, ನಾಯಕನ ಬೆನ್ನು ಹತ್ತುತ್ತದೆ. 1964ರ 'ಗೋಲ್ಡ್‌ಫಿಂಗರ್'ನಲ್ಲಿ ಸೀಟು ಹಾರಿಸುವ ಕಾರನ್ನು ಬಾಂಡ್‌ಗೆ ಕೊಡುವ 'ಕ್ಯೂ' ಎಂಬ ಅಧಿಕಾರಿ, ಕೊಟ್ಟ ಸಾಮಾನು ಹಾಳಾಗದೆ ವಾಪಸು ಬರಬೇಕೆಂದು ಗೊಣಗುತ್ತಾನೆ. ಆ ಲೋಕದಲ್ಲಿ ಉಪಕರಣಕ್ಕೆ ಲೆಕ್ಕವಿದೆ, ಪ್ರಾಣಕ್ಕಿಲ್ಲ.

ಈಗ ಅದೇ ದೃಶ್ಯವನ್ನು ನಮ್ಮ ನೆಲದ ಕಾನೂನಿನ ಕೆಳಗೆ ತರೋಣ. ಪೊಲೀಸ್ ಎನ್‌ಕೌಂಟರ್‌ಗಳ ಕುರಿತು ಪಿ.ಯು.ಸಿ.ಎಲ್. ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ಅದರಂತೆ ಸಾವು ಸಂಭವಿಸಿದರೆ ಎಫ್.ಐ.ಆರ್. ದಾಖಲಾಗಿ ನ್ಯಾಯಾಲಯಕ್ಕೆ ಹೋಗಬೇಕು. ಗುಂಡು ಹಾರಿಸಿದವರು ತಮ್ಮ ಆಯುಧಗಳನ್ನು ಪರೀಕ್ಷೆಗೆ ಒಪ್ಪಿಸಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಘಟನೆಯ ಬೆನ್ನಿಗೇ ಬಡ್ತಿಯಾಗಲಿ ಶೌರ್ಯ ಪದಕವಾಗಲಿ ಸಲ್ಲದು. ತನಿಖೆ ಮಾಡಬೇಕಾದವರು ಯಾರು? ಸಿ.ಐ.ಡಿ., ಇಲ್ಲವೇ ಬೇರೊಂದು ಠಾಣೆಯ ತಂಡ. ಅಂದರೆ ತೆರೆಯ ಮೇಲೆ ಗುಂಡು ಹಾರಿಸುವ ಸಿ.ಐ.ಡಿ.ಯ ನಿಜವಾದ ಕೆಲಸ, ಗುಂಡು ಹಾರಿಸಿದವನನ್ನು ಪ್ರಶ್ನಿಸುವುದು.

ಬೇಹುಗಾರಿಕೆ ಗುಟ್ಟಿನ ಕೆಲಸ, ಪೊಲೀಸರ ನಿಯಮ ಅದಕ್ಕೆ ಹೊಂದದು ಎಂದು ವಾದಿಸಬಹುದು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಮಾಹಿತಿ ಕೊಟ್ಟವನ ಹೆಸರು ಬಯಲಾದರೆ ಅವನ ಜೀವವೇ ಹೋದೀತು. ಆದರೆ ಗುಟ್ಟು ಬೇರೆ, ಹೊಣೆಯಿಲ್ಲದಿರುವುದು ಬೇರೆ. ಬಾಂಡ್‌ನ ತವರಾದ ಬ್ರಿಟನ್‌ನಲ್ಲೇ 1994ರ ಕಾಯ್ದೆಯ ಪ್ರಕಾರ, ವಿದೇಶದಲ್ಲಿ ಗೂಢಚಾರರು ಕಾನೂನು ಮೀರಬೇಕಾದರೆ ಮಂತ್ರಿಯ ಅನುಮತಿ ಬೇಕು, ಅದಕ್ಕೂ ಅವಧಿಯ ಮಿತಿಯಿದೆ. ಅಲ್ಲಿ ಪರವಾನಗಿ ಸಂಖ್ಯೆಯಲ್ಲಿಲ್ಲ, ಹೆಸರುಳ್ಳ ಒಬ್ಬನ ಸಹಿಯಲ್ಲಿದೆ. ನಮ್ಮಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ 'ರಾ'ದಂಥ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟಿದೆಯಾದರೂ, ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪಗಳನ್ನು ಆ ವಿನಾಯಿತಿಯಿಂದ ಹೊರಗಿಟ್ಟಿದೆ. ಈ ಸಂಸ್ಥೆಗಳನ್ನು ಶಾಸನದ ಚೌಕಟ್ಟಿಗೆ ತರಲು 2011ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ಖಾಸಗಿ ಮಸೂದೆ ಮಾತ್ರ ಕಾಯ್ದೆಯಾಗಲಿಲ್ಲ.

ಸಿನಿಮಾ ನೋಡಬಾರದೆಂದಲ್ಲ. ರಾಜ್‌ಕುಮಾರ್ ಅವರ ಆ ಠೀವಿಯನ್ನು ನೋಡಿ ಸಂತೋಷಪಡುವುದರಲ್ಲಿ ತಪ್ಪೇನಿಲ್ಲ. ಸಮಸ್ಯೆ ಇರುವುದು ತೆರೆಯ ಸಲಿಗೆಯನ್ನು ಬೀದಿಗೆ ತಂದಾಗ, ವಿಚಾರಣೆಯಿಲ್ಲದೆ ಕೊಂದ ಸುದ್ದಿಗೆ ಚಪ್ಪಾಳೆ ತಟ್ಟಿದಾಗ. ಸಂಖ್ಯೆ ನಾಯಕನ ಹೆಸರನ್ನು ಮುಚ್ಚುವುದಕ್ಕಿಂತ ಹೆಚ್ಚಾಗಿ ಸತ್ತವನ ಹೆಸರನ್ನು ಅಳಿಸುತ್ತದೆ. 2014ರ ಆ ತೀರ್ಪಿನಲ್ಲಿ ಇನ್ನೂ ಎರಡು ಮಾತುಗಳಿವೆ: ಸತ್ತವನ ಬಣ್ಣದ ಛಾಯಾಚಿತ್ರ ತೆಗೆದು ಗುರುತು ಹಚ್ಚಬೇಕು, ಅವನ ಹತ್ತಿರದ ಬಂಧುಗಳಿಗೆ ಆದಷ್ಟು ಬೇಗ ತಿಳಿಸಬೇಕು. ಅಡಗುದಾಣದ ಆ ಮೂವರು ಕಾವಲುಗಾರರ ಮನೆಗೆ ಸುದ್ದಿ ಮುಟ್ಟಿಸಿದ ಗೂಢಚಾರ ಚಿತ್ರ ಯಾವುದಾದರೂ ಇದೆಯೇ?