ಹಾಸ್ಟೆಲ್ ಮಲಗಿದ ಮೇಲೆ ಟ್ಯಾಂಕಿನ ಅಳತೆ

ಕಾಲೇಜಿನ ಎನ್‌ಎಸ್‌ಎಸ್ ಘಟಕ ನೀರು ಉಳಿಸುವ ಕೆಲಸ ಕೈಗೆತ್ತಿಕೊಂಡಿತೆಂದರೆ ಮೊದಲು ಭಿತ್ತಿಪತ್ರ, ಆಮೇಲೆ ಜಾಥಾ, ಕೊನೆಗೆ ಪ್ರಾಂಶುಪಾಲರ ಜತೆ ಒಂದು ಫೋಟೊ. ಗೋಡೆಗೆ ಅಂಟಿಸಿದ ‘ನೀರು ಅಮೂಲ್ಯ’ ಚೀಟಿ ತಿಂಗಳೊಳಗೆ ನೆನೆದು ಉದುರುತ್ತದೆ, ಅದರ ಕೆಳಗಿನ ನಲ್ಲಿ ತೊಟ್ಟಿಕ್ಕುತ್ತಲೇ ಇರುತ್ತದೆ. ಉಳಿದವರಿಗೆ ಬುದ್ಧಿ ಹೇಳುವುದರಿಂದ ಶುರುವಾದ ಕೆಲಸದ ತೊಡಕೇ ಇದು. ಎಷ್ಟು ಪೋಲಾಗುತ್ತಿತ್ತು, ಈಗ ಎಷ್ಟು ಉಳಿಯುತ್ತಿದೆ ಎಂದು ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ.

ಹಾಗಾಗಿ ಅಳೆಯುವ ಅಭ್ಯಾಸದಿಂದ ಶುರುಮಾಡಿ. ಎನ್‌ಎಸ್‌ಎಸ್ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಸಲ್ಲಿಸಬೇಕೆಂಬ ನಿಯಮ ಹೇಗೂ ಇದೆ, ಅದರಲ್ಲಿ ಸ್ವಲ್ಪ ಪಾಲು ಇದಕ್ಕಿರಲಿ. ಬೇಕಾಗುವುದು ಟೇಪು, ಟಾರ್ಚು, ಒಂದು ನೋಟ್‌ಬುಕ್ಕು ಮತ್ತು ವಾರ್ಡನ್ ಕೊಟ್ಟ ಲಿಖಿತ ಅನುಮತಿ. ಕ್ಯಾಂಪಸ್ ಪೂರ್ತಿ ಬೇಡ, ಒಂದು ಹಾಸ್ಟೆಲ್ ಸಾಕು.

ಇದರ ತರ್ಕ ಸರಳ. ರಾತ್ರಿ ಹನ್ನೆರಡೂವರೆಯಿಂದ ನಾಲ್ಕೂವರೆವರೆಗೆ ಹಾಸ್ಟೆಲ್‌ನಲ್ಲಿ ಯಾರೂ ಸ್ನಾನ ಮಾಡುವುದಿಲ್ಲ, ಬಟ್ಟೆ ಒಗೆಯುವುದಿಲ್ಲ, ಅಡುಗೆಮನೆ ಬಾಗಿಲು ಹಾಕಿರುತ್ತದೆ. ಮೋಟರ್ ಬಂದ್ ಆಗಿದ್ದು, ಸಂಪಿನಿಂದ ಮೇಲಕ್ಕೆ ನೀರು ಬರುತ್ತಿಲ್ಲವೆಂದಾದರೆ, ಆ ಹೊತ್ತಿನಲ್ಲಿ ಟ್ಯಾಂಕಿನ ಮಟ್ಟ ಇಳಿದಷ್ಟೂ ನೀರು ಎಲ್ಲೋ ಸೋರಿದೆ ಎಂದರ್ಥ. ಅಲ್ಲೊಬ್ಬರು ಇಲ್ಲೊಬ್ಬರು ಶೌಚಾಲಯಕ್ಕೆ ಎದ್ದದ್ದನ್ನು ಮಾತ್ರ ಕಳೆಯಬೇಕು.

ಲೆಕ್ಕಕ್ಕೆ ಒಂದು ಮಾದರಿ ಇಟ್ಟುಕೊಳ್ಳೋಣ. 200 ವಿದ್ಯಾರ್ಥಿಗಳ ಹಾಸ್ಟೆಲ್. ತಾರಸಿಯ ಮೇಲೆ 4 ಮೀಟರ್ ಉದ್ದ, 2.5 ಮೀಟರ್ ಅಗಲದ ಕಾಂಕ್ರೀಟ್ ಟ್ಯಾಂಕು. ತಳದ ವಿಸ್ತೀರ್ಣ 10 ಚದರ ಮೀಟರ್. ಒಂದು ಚದರ ಮೀಟರಿನಲ್ಲಿ ಒಂದು ಸೆಂಟಿಮೀಟರ್ ನೀರೆಂದರೆ 10 ಲೀಟರ್. ಅಂದರೆ ಈ ಟ್ಯಾಂಕಿನಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 100 ಲೀಟರ್ ಹೋಯಿತು. ನಾಲ್ಕು ಗಂಟೆಯಲ್ಲಿ 9 ಸೆಂಟಿಮೀಟರ್ ಇಳಿದಿದೆ ಎನ್ನಿ, 900 ಲೀಟರ್. ಇಪ್ಪತ್ತು ಸಲ ಶೌಚಾಲಯ ಬಳಕೆಯಾಗಿದ್ದು, ಸಲಕ್ಕೆ 10 ಲೀಟರಿನಂತೆ 200 ಲೀಟರ್ ಕಳೆದರೂ 700 ಲೀಟರ್ ಉಳಿಯಿತು. ಗಂಟೆಗೆ 175 ಲೀಟರ್. ಸೋರುವ ನಲ್ಲಿಗೆ ಹಗಲು ರಾತ್ರಿಯೆಂಬ ಭೇದವಿಲ್ಲ, ಟ್ಯಾಂಕಿನ ಎತ್ತರ ಕೊಡುವ ಒತ್ತಡವೂ ಹೆಚ್ಚುಕಡಿಮೆ ಒಂದೇ. ಹಾಗಾಗಿ 24ರಿಂದ ಗುಣಿಸಬಹುದು: ದಿನಕ್ಕೆ 4,200 ಲೀಟರ್. ತಲೆಗೆ 21 ಲೀಟರ್, ಅಂದರೆ ಪ್ರತಿಯೊಬ್ಬರ ಪಾಲಿನಿಂದ ದಿನಕ್ಕೊಂದು ದೊಡ್ಡ ಬಕೆಟ್ ನೀರು ಯಾರೂ ಮುಟ್ಟದೆ ಚರಂಡಿ ಸೇರುತ್ತಿದೆ.

ಅಳೆಯುವಾಗ ಎರಡು ಎಚ್ಚರಿಕೆ. ರಾತ್ರಿ ಟ್ಯಾಂಕಿನ ಮೇಲೆ ಒಬ್ಬರೇ ಹತ್ತಬೇಡಿ. ಇಬ್ಬರಿರಲಿ, ಒಬ್ಬರು ಏಣಿ ಹಿಡಿದಿರಲಿ. ಇನ್ನೂ ಒಳ್ಳೆಯದೆಂದರೆ ಟ್ಯಾಂಕಿನ ಹೊರಗೋಡೆಗೆ ಪಾರದರ್ಶಕ ಪೈಪಿನ ಮಟ್ಟಸೂಚಿಯೊಂದನ್ನು ಪ್ಲಂಬರ್ ಕೈಯಲ್ಲಿ ಹಾಕಿಸಿಕೊಳ್ಳುವುದು. ಯಾವ ಕಾರಣಕ್ಕೂ ಸಂಪಿನೊಳಗೆ ಇಳಿಯಬೇಡಿ, ಅಲ್ಲಿ ಉಸಿರುಗಟ್ಟಿ ಸತ್ತವರಿದ್ದಾರೆ. ಹುಡುಗಿಯರ ಹಾಸ್ಟೆಲ್‌ನಲ್ಲಿ ಅಲ್ಲಿಯ ಹುಡುಗಿಯರೇ ಅಳೆಯಲಿ. ಇನ್ನು ನಿದ್ದೆಗೆಡಲು ಮನಸ್ಸಿಲ್ಲದವರಿಗೆ ದಸರಾ ರಜೆ ಇದೆ. ಹಾಸ್ಟೆಲ್ ಖಾಲಿಯಿರುವ ಒಂದು ಹಗಲಿನಲ್ಲಿ ಅಳೆದರೆ ಯಾವುದನ್ನೂ ಕಳೆಯುವ ಗೋಜೇ ಇಲ್ಲ.

ಸೋರಿಕೆ ಇದೆಯೆಂದು ಗೊತ್ತಾದ ಮೇಲೆ ಎಲ್ಲಿ ಎಂದು ಹುಡುಕಬೇಕು. ಟ್ಯಾಂಕಿನಿಂದ ಕೆಳಗಿಳಿಯುವ ಪ್ರತಿ ಪೈಪಿಗೂ ಒಂದು ಗೇಟ್ ವಾಲ್ವ್ ಇರುತ್ತದೆ. ಮರುರಾತ್ರಿ ಎಲ್ಲವನ್ನೂ ಮುಚ್ಚಿ, ಒಂದೊಂದನ್ನೇ ಗಂಟೆಯ ಹೊತ್ತು ತೆರೆದು ಅಳತೆ ಬರೆದುಕೊಂಡರೆ ಯಾವ ಸಾಲಿನ ಬಚ್ಚಲುಮನೆಗಳಲ್ಲಿ ದೋಷವಿದೆಯೆಂದು ತಿಳಿಯುತ್ತದೆ. ಆದರೆ ಹಳೆಯ ಕಟ್ಟಡಗಳ ಗೇಟ್ ವಾಲ್ವ್‌ಗಳು ವರ್ಷಗಟ್ಟಲೆ ತಿರುಗದೆ ಕಚ್ಚಿಕೊಂಡಿರುತ್ತವೆ. ಉತ್ಸಾಹದಲ್ಲಿ ಬಲ ಹಾಕಿ ತಿರುಗಿಸಿದರೆ ಒಳಗಿನ ಕಡ್ಡಿ ಮುರಿದು, ಬೆಳಗ್ಗೆ ಇಡೀ ಹಾಸ್ಟೆಲ್ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ವಾಲ್ವ್ ತಿರುಗಿಸುವ ಕೆಲಸ ಪ್ಲಂಬರ್‌ದೇ ಆಗಿರಲಿ. ಎಲ್ಲವನ್ನೂ ಮುಚ್ಚಿದ ಮೇಲೂ ಮಟ್ಟ ಇಳಿಯುತ್ತಿದ್ದರೆ ಒಂದೋ ಟ್ಯಾಂಕು ಬಿರುಕುಬಿಟ್ಟಿದೆ, ಇಲ್ಲವೇ ಯಾವುದೋ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ.

ಹೆಚ್ಚಿನ ಸಲ ಕಳ್ಳ ಸಿಕ್ಕಿಬೀಳುವುದು ಫ್ಲಶ್ ಟ್ಯಾಂಕಿನಲ್ಲಿ. ತೊಟ್ಟಿಕ್ಕುವ ನಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಕಮೋಡಿನ ಹಿಂಬದಿಯಲ್ಲಿ ತೆಳ್ಳಗೆ ಜಾರುವ ನೀರು ಯಾರಿಗೂ ಕಾಣುವುದಿಲ್ಲ. ಅಡುಗೆಯ ಕೇಸರಿ ಬಣ್ಣವನ್ನು ಒಂದು ಚಿಟಿಕೆ ಫ್ಲಶ್ ಟ್ಯಾಂಕಿಗೆ ಹಾಕಿ, ಕಾಲು ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನ ನೀರಿಗೆ ಬಣ್ಣ ಬಂದರೆ ಒಳಗಿನ ವಾಷರ್ ಸರಿಯಾಗಿ ಕೂತಿಲ್ಲ. ಬೋರ್‌ವೆಲ್ಲಿನ ಗಡಸು ನೀರಿರುವ ಊರುಗಳಲ್ಲಿ ವಾಷರ್ ಹೊಸದಾಗಿದ್ದರೂ ಅದು ಕೂರುವ ಅಂಚಿನ ಮೇಲೆ ಸುಣ್ಣ ಕಟ್ಟಿಕೊಂಡು ಸಂದು ಬಿಟ್ಟಿರುತ್ತದೆ. ಅದನ್ನು ಕೆರೆದು ತೆಗೆಯದೆ ವಾಷರ್ ಬದಲಿಸಿದರೆ ವಾರದಲ್ಲಿ ಮತ್ತೆ ಅದೇ ಕತೆ. ನಲ್ಲಿಗಳಾದರೆ, ಕೆಳಗೆ ಮಗ್ ಇಟ್ಟು ಗಂಟೆಗೆಷ್ಟು ತುಂಬಿತೆಂದು ಬರೆದುಕೊಳ್ಳಿ. ಗಂಟೆಗೆ ಒಂದು ಲೀಟರ್ ಬಿದ್ದರೆ ದಿನಕ್ಕೆ 24. ಪ್ಲಂಬರ್ ಬಂದ ದಿನ ‘ಎಲ್ಲಾ ಕಡೆ ಲೀಕು ಸಾರ್’ ಅನ್ನುವುದಕ್ಕೂ ಹೆಚ್ಚು ಸೋರುವ ಎಂಟು ಜಾಗದ ಪಟ್ಟಿಯನ್ನು ಕೈಗಿಡುವುದಕ್ಕೂ ಬಹಳ ವ್ಯತ್ಯಾಸವಿದೆ. ಅರ್ಧ ದಿನದ ಕೂಲಿಯಲ್ಲಿ ಮುಗಿಯುವ ಕೆಲಸ ಅದು.

ರಾತ್ರಿಯ ಅಳತೆಗೆ ಸಿಗದ ಒಂದು ನಷ್ಟವೂ ಇದೆ, ಟ್ಯಾಂಕು ತುಂಬಿ ಹರಿಯುವುದು. ಅದಕ್ಕೆ ವಾಚ್‌ಮನ್ ಜತೆ ಕೂತು ಮಾತಾಡಬೇಕು. ‘ಅಣ್ಣ, ಟ್ಯಾಂಕ್ ತುಂಬಿದ್ದು ನಿಮಗೆ ಹೇಗೆ ಗೊತ್ತಾಗತ್ತೆ?’ ಎಂದು ಕೇಳಿ ನೋಡಿ. ‘ನೀರು ಬಿದ್ದ ಸದ್ದು ಕೇಳ್ತದಲ್ಲಪ್ಪ, ಆಗ ಆಫ್ ಮಾಡ್ತೀನಿ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಅವರ ಪಾಲಿಗೆ ಪೋಲಾಗುವ ನೀರೇ ಗಂಟೆ. ಗೇಟು ಕಾಯುತ್ತ, ಬಂದುಹೋಗುವವರ ಹೆಸರು ಬರೆಯುತ್ತ ಇರುವವರಿಗೆ ಬೇರೆ ದಾರಿಯನ್ನೇನೂ ಕಾಲೇಜು ಕೊಟ್ಟಿಲ್ಲ. ಗಂಟೆಗೆ 5,000 ಲೀಟರ್ ಏರಿಸುವ ಪಂಪು ಹತ್ತು ನಿಮಿಷ ಹೆಚ್ಚಿಗೆ ಓಡಿದರೆ 800 ಲೀಟರಿಗೂ ಮೀರಿ ಹೊರಗೆ. ಮಟ್ಟ ನೋಡಿ ತಾನೇ ಮೋಟರ್ ನಿಲ್ಲಿಸುವ ಕಂಟ್ರೋಲರ್ ಹಾಕಿಸಲು ಅರ್ಜಿ ಕೊಡುವುದು ಇಲ್ಲಿ ಮಾಡಬೇಕಾದ ಕೆಲಸ; ವಾಚ್‌ಮನ್ ಮೇಲೆ ದೂರು ಕೊಡುವುದಲ್ಲ. ದೂರು ಹೋದ ಮರುದಿನದಿಂದ ತಾರಸಿಯ ಬೀಗದ ಕೈ ನಿಮಗೆ ಸಿಗುವುದಿಲ್ಲ ಎನ್ನುವುದನ್ನೂ ನೆನಪಿಡಿ.

ನೀರಿನ ಲೆಕ್ಕ ಕರೆಂಟಿನ ಲೆಕ್ಕವಾಗುವುದು ಇಲ್ಲಿಯೇ. ಬೋರ್‌ವೆಲ್ಲಿನಿಂದ ನೇರ ತಾರಸಿಗೆ ನೀರೇರುವ ಕಡೆ, ಮೋಟರ್ ಹಾಕುವ ಮುಂಚೆ ಒಮ್ಮೆ, ಒಂದು ಗಂಟೆಯ ಬಳಿಕ ಒಮ್ಮೆ ಅದರ ವಿದ್ಯುತ್ ಮೀಟರ್ ಓದಿ. ಏಳೂವರೆ ಎಚ್‌ಪಿ ಮೋಟರಿಗೆ ಸುಮಾರು 7 ಯೂನಿಟ್ ಬಂತು, ಟ್ಯಾಂಕಿನಲ್ಲಿ 50 ಸೆಂಟಿಮೀಟರ್ ಏರಿತು ಎನ್ನಿ: 5,000 ಲೀಟರಿಗೆ 7 ಯೂನಿಟ್, ಸಾವಿರ ಲೀಟರಿಗೆ 1.4. ನಮ್ಮ ಮಾದರಿಯ 4,200 ಲೀಟರ್ ಸೋರಿಕೆಗೆ ದಿನಕ್ಕೆ ಹತ್ತಿರಹತ್ತಿರ 6 ಯೂನಿಟ್. ಸೋರಿಕೆಗಾಗಿಯೇ ಮೋಟರ್ ದಿನಾ 50 ನಿಮಿಷ ಓಡುತ್ತಿದೆ ಎಂದಾಯಿತು. ಕಾಲೇಜಿನ ಆಡಳಿತ ಮಂಡಳಿಗೆ ಪರಿಸರದ ಮಾತಿಗಿಂತ ಈ ಮಾತು ಬೇಗ ನಾಟುತ್ತದೆ. ಎರಡು ಹಂತದಲ್ಲಿ, ಅಂದರೆ ಬೋರ್‌ವೆಲ್ಲಿನಿಂದ ಸಂಪಿಗೆ, ಸಂಪಿನಿಂದ ತಾರಸಿಗೆ ನೀರೇರುವಲ್ಲಿ ಎರಡೂ ಮೋಟರುಗಳನ್ನು ಬೇರೆಬೇರೆ ಅಳೆದು ಕೂಡಿಸಬೇಕು.

ಇದೇ ಉಪಾಯ ತರಗತಿಗಳ ಕಟ್ಟಡಕ್ಕೂ ನಡೆಯುತ್ತದೆ. ಶನಿವಾರ ರಾತ್ರಿ ಹತ್ತಕ್ಕೆ, ಭಾನುವಾರ ಬೆಳಗ್ಗೆ ಆರಕ್ಕೆ ಮುಖ್ಯ ವಿದ್ಯುತ್ ಮೀಟರಿನ ಅಂಕಿ ಬರೆದುಕೊಳ್ಳಿ. ದೊಡ್ಡ ಕ್ಯಾಂಪಸ್ಸಿನ ಮೀಟರುಗಳಲ್ಲಿ ಒಂದು ಮೋಸವಿದೆ: ಕಾಣುವ ಅಂಕಿಯನ್ನು ಬಿಲ್ಲಿನಲ್ಲಿ ಮುದ್ರಿಸಿರುವ ಗುಣಕದಿಂದ ಗುಣಿಸಿದರಷ್ಟೇ ನಿಜವಾದ ಯೂನಿಟ್. ಅದನ್ನು ಮರೆತರೆ ನಿಮ್ಮ ವರದಿಯನ್ನು ಲೆಕ್ಕಪತ್ರ ವಿಭಾಗದವರು ಮೊದಲ ಪುಟದಲ್ಲೇ ಮಡಚಿಡುತ್ತಾರೆ. ಬೀದಿದೀಪ ಬಿಟ್ಟು ಉಳಿದದ್ದು ಎಲ್ಲಿ ಹೋಗುತ್ತಿದೆಯೆಂದು ನೋಡಲು ಒಬ್ಬ ಸಿಬ್ಬಂದಿಯ ಜತೆ ಒಂದು ಸುತ್ತು ಹಾಕಿ. ಯಾರಿಗೂ ಬೇಡದೆ ರಾತ್ರಿಯಿಡೀ ನೀರು ತಂಪುಮಾಡುವ ಕೂಲರ್, ಕಂಪ್ಯೂಟರ್ ಲ್ಯಾಬಿನ ಯುಪಿಎಸ್, ಕಾರಿಡಾರಿನ ಟ್ಯೂಬ್‌ಲೈಟ್ ಸಿಗುತ್ತವೆ. ಕೂಲರಿಗೆ ಟೈಮರ್ ಹಾಕಿಸಬಹುದು. ಆದರೆ ಸಿಕ್ಕಿದ ಸ್ವಿಚ್ಚನ್ನೆಲ್ಲ ಆರಿಸುತ್ತ ಹೋಗಬೇಡಿ. ಸೂಕ್ಷ್ಮಜೀವಿಶಾಸ್ತ್ರದವರ ಫ್ರಿಜ್‌ನಲ್ಲಿ ಯಾರದೋ ಆರು ತಿಂಗಳ ಕೆಲಸ ಇರುತ್ತದೆ.

2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿದಾಗಿನಿಂದ ಎಲ್ಲ ಕ್ಯಾಂಪಸ್ಸಿನವರೂ ಅದನ್ನೇ ಕೇಳುತ್ತಾರೆ. ಕೈ ತೊಳೆಯುವ ಬೇಸಿನ್ನಿಗೆ ಅದು ಒಳ್ಳೆಯದೇ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಒಂದು ಹನಿಯೂ ಉಳಿಯದು: ಬಕೆಟ್ ನಿಧಾನವಾಗಿ ತುಂಬುತ್ತದೆ, ಬೆಳಗಿನ ಸರತಿ ಉದ್ದವಾಗುತ್ತದೆ, ಮೂರನೆಯ ದಿನ ಯಾರೋ ಅದನ್ನು ಕಿತ್ತೆಸೆಯುತ್ತಾರೆ. ಗಡಸು ನೀರಿನಲ್ಲಿ ಜಾಲರಿ ಕಟ್ಟಿಕೊಳ್ಳುವುದರಿಂದ ತಿಂಗಳಿಗೊಮ್ಮೆ ಬಿಚ್ಚಿ ನಿಂಬೆರಸದಲ್ಲಿ ನೆನೆಹಾಕುವ ಕೆಲಸವನ್ನೂ ಯಾರಾದರೂ ವಹಿಸಿಕೊಳ್ಳಬೇಕು.

ರಿಪೇರಿ ಮುಗಿದ ವಾರದಲ್ಲಿ ಮತ್ತೆ ರಾತ್ರಿ ಅಳೆಯುವುದೇ ಈ ಯೋಜನೆಯ ಕಷ್ಟದ ಭಾಗ. ಹುರುಪು ಅಷ್ಟರಲ್ಲಿ ಇಳಿದಿರುತ್ತದೆ, ಇಂಟರ್ನಲ್ಸ್ ಬಂದಿರುತ್ತವೆ. 9 ಸೆಂಟಿಮೀಟರ್ ಇದ್ದದ್ದು 3ಕ್ಕೆ ಇಳಿದಿದ್ದರೆ ಕೆಲಸ ಚೆನ್ನಾಗಿ ಆಗಿದೆ. 8 ಇದ್ದರೆ ತಪ್ಪು ವಾಷರ್‌ಗಳನ್ನು ಬದಲಿಸಿದ್ದೀರಿ, ಅಥವಾ ದೊಡ್ಡ ಸೋರಿಕೆ ನೆಲದಡಿಯ ಪೈಪಿನಲ್ಲಿದೆ. ಶೂನ್ಯಕ್ಕೆ ಯಾವತ್ತೂ ಬರುವುದಿಲ್ಲ. ಆಮೇಲೆ ತಿಂಗಳಿಗೊಂದು ರಾತ್ರಿ ಸಾಕು, ಅಂಕಿ ದಿಢೀರನೆ ಏರಿದ ತಿಂಗಳು ಯಾವುದೋ ವಾಷರ್ ಹೋಯಿತೆಂದು ತಿಳಿಯಬಹುದು.

ಕೊನೆಯ ವರ್ಷದವರು ಮೇ ತಿಂಗಳಲ್ಲಿ ಹೊರಡುತ್ತಾರೆ, ಅವರ ಜತೆ ಯೋಜನೆಯೂ ಹೊರಟುಹೋಗುವುದೇ ವಾಡಿಕೆ. ಅದಕ್ಕೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಟ್ಯಾಂಕಿನ ಉದ್ದಗಲ, ಸೆಂಟಿಮೀಟರಿಗೆ ಎಷ್ಟು ಲೀಟರ್, ಯಾವ ವಾಲ್ವ್ ಯಾವ ಸಾಲಿಗೆ, ಮೀಟರಿನ ಗುಣಕ ಎಷ್ಟು ಎಂಬುದನ್ನು ಬರೆದಿಡಿ. ಎರಡನೆಯ ವರ್ಷದ ಇಬ್ಬರನ್ನು ಕನಿಷ್ಠ ಎರಡು ರಾತ್ರಿ ಜತೆಗೆ ಕರೆದುಕೊಂಡು ಹೋಗಿ. ಎರಡನೆಯ ರಾತ್ರಿ ಟೇಪು ಅವರ ಕೈಯಲ್ಲಿರಲಿ, ನೀವು ಏಣಿ ಹಿಡಿಯಿರಿ.